ಅತ್ತಿಗೆಗೆ ಬರೆದಿಟ್ಟ ರೌಟರ್ ಚೀಟಿ

ಕಳೆದ ಮಳೆಗಾಲದಲ್ಲಿ ಸಾಗರದ ನಮ್ಮ ಮನೆಯಲ್ಲಿ ನೆಟ್ ನಿಧಾನವಾಯಿತೆಂದು ಅಕ್ಕನ ಮಗ ರೌಟರಿನ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿದ. ಆಫ್ ಮಾಡಿ ಆನ್ ಮಾಡಿದ ಹಾಗೆ ಅಂದುಕೊಂಡಿದ್ದ ಪಾಪ. ಆದರೆ ಆ ತೂತಿನ ಪಕ್ಕದಲ್ಲಿ RESET ಎಂದಿರುತ್ತದೆ. ಅದನ್ನು ಒತ್ತಿ ಹಿಡಿದರೆ ರೌಟರ್ ಡಬ್ಬದಿಂದ ಹೊರತೆಗೆದ ದಿನದ ಸ್ಥಿತಿಗೆ ಮರಳುತ್ತದೆ. ನಾನು ಪುಣೆಯಲ್ಲಿದ್ದೆ. ಮನೆಗೆ ಮತ್ತೆ ನೆಟ್ ಬರಲು ಮೂರು ದಿನ ಹಿಡಿಯಿತು.

ಅಷ್ಟು ದಿನ ಹಿಡಿದದ್ದು ವೈಫೈ ಪಾಸ್‌ವರ್ಡ್ ಅಳಿಸಿಹೋದದ್ದಕ್ಕಲ್ಲ. ನಮ್ಮಲ್ಲಿ ಫೈಬರ್ ಕೇಬಲ್ ಬಂದು ಸೇರುವ ಬಿಳಿ ಪೆಟ್ಟಿಗೆ ಒಂದು, ನಾವೇ ಕೊಂಡ ರೌಟರ್ ಇನ್ನೊಂದು. ರೌಟರ್ ಪ್ರತಿ ಸಲ ಆನ್ ಆದಾಗಲೂ ನೆಟ್ ಕೊಡುವವರಿಗೆ ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್ ಹೇಳಿ ಒಳಗೆ ಹೋಗಬೇಕು. ಸ್ಕ್ರೀನಿನಲ್ಲಿ ಇದರ ಹೆಸರು PPPoE. ನೆಟ್ ಹಾಕಿದ ದಿನ ಹುಡುಗನೊಬ್ಬ ಅದನ್ನು ತುಂಬಿಸಿ ಹೋಗಿದ್ದ. ಮನೆಯವರು ಯಾರೂ ಅದನ್ನು ಕಂಡೇ ಇರಲಿಲ್ಲ.

ಆಮೇಲೆ ನಾನು ಅತ್ತಿಗೆಗಾಗಿ ಒಂದು ಚೀಟಿ ಬರೆದೆ. ಅಮ್ಮನ ಜೊತೆ ಇರುವವರು ಅವರೇ. ಬದಲಿಸಿದ ಪ್ರತಿಯೊಂದಕ್ಕೂ ಮೂರು ಮಾತು ಬರೆದಿದ್ದೇನೆ: ಮೊದಲು ಹೇಗಿತ್ತು, ಈಗ ಹೇಗಿದೆ, ಅದು ಅಳಿಸಿಹೋದರೆ ಮನೆಯಲ್ಲಿ ಏನು ಕೆಡುತ್ತದೆ. ಈ ಮೂರನೆಯದನ್ನು ಜನ ಬರೆಯುವುದಿಲ್ಲ, ಆದರೆ ಓದುವವರಿಗೆ ಬೇಕಾದದ್ದು ಅದೇ. ‘DNS ಮೊದಲು ಆಟೊಮ್ಯಾಟಿಕ್, ಈಗ 1.1.1.3’ ಎಂದಷ್ಟೇ ಬರೆದರೆ ಅತ್ತಿಗೆಗೆ ಏನು ತಿಳಿದೀತು? ಅದರ ಕೆಳಗೆ ಹೀಗಿದೆ: ‘ಮಕ್ಕಳು ನೋಡಬಾರದ ಸೈಟುಗಳನ್ನು ತಡೆಯಲು ಹಾಕಿದ್ದು. ಅಳಿಸಿಹೋದರೆ ನೆಟ್ ನಿಲ್ಲುವುದಿಲ್ಲ, ತಡೆ ಮಾತ್ರ ಹೋಗುತ್ತದೆ. ಬೇಕಾದ ಸೈಟೇ ತೆರೆಯದಿದ್ದರೆ ಮತ್ತೆ ಆಟೊಮ್ಯಾಟಿಕ್ ಮಾಡಿ ನೋಡಿ.’

ಕ್ಯಾಮೆರಾದ ರೆಕಾರ್ಡರ್ ಪೆಟ್ಟಿಗೆಗೆ ಯಾವಾಗಲೂ 192.168.1.50 ಎಂಬ ವಿಳಾಸವೇ ಸಿಗುವಂತೆ ಮಾಡಿಟ್ಟಿದ್ದೇನೆ. ಇದು ಅಳಿಸಿಹೋದರೆ ರೌಟರ್ ಅದಕ್ಕೆ ಬೇರೆ ವಿಳಾಸ ಕೊಡಬಹುದು. ಆಗ ಅಮ್ಮನ ಫೋನಿನಲ್ಲಿ ಗೇಟು ಕಾಣುವುದಿಲ್ಲ, ಕ್ಯಾಮೆರಾ ಮಾತ್ರ ಸರಿಯಾಗಿಯೇ ಇರುತ್ತದೆ. ಈ ಸಾಲು ಇಲ್ಲದಿದ್ದರೆ ಕ್ಯಾಮೆರಾ ರಿಪೇರಿಯವರನ್ನು ಕರೆಸಿ ದುಡ್ಡು ಕೊಟ್ಟಿರುತ್ತಿದ್ದರು.

ವೈಫೈಯ ಹೆಸರು, ಪಾಸ್‌ವರ್ಡ್ ಎರಡನ್ನೂ ರಿಸೆಟ್ ಆದ ಮೇಲೆ ಮೊದಲಿದ್ದಂತೆಯೇ, ದೊಡ್ಡಕ್ಷರ ಸಣ್ಣಕ್ಷರ ಸಹಿತ, ತುಂಬಿಸಬೇಕು ಎಂದು ಬರೆದು ಅಡಿಗೆರೆ ಹಾಕಿದ್ದೇನೆ. ಹಾಗೆ ಮಾಡಿದರೆ ಫೋನು, ಟೀವಿ ಎಲ್ಲ ಸಾಮಾನ್ಯವಾಗಿ ತಾವೇ ಸೇರಿಕೊಳ್ಳುತ್ತವೆ. ಹೊಸ ಹೆಸರಿಟ್ಟರೆ ಒಂದೊಂದನ್ನೂ ಕೂತು ಮತ್ತೆ ಜೋಡಿಸಬೇಕು.

ಪಾಸ್‌ವರ್ಡುಗಳನ್ನು ಚೀಟಿಯಲ್ಲಿ ಬರೆದಿಲ್ಲ. ಚೀಟಿ ರೌಟರಿನ ಪಕ್ಕದ ಗೋಡೆಗೆ ಅಂಟಿಕೊಂಡಿರುತ್ತದೆ, ಬಂದವರೆಲ್ಲ ಓದುತ್ತಾರೆ, ಯಾರಾದರೂ ಫೋಟೊ ತೆಗೆದು ವಾಟ್ಸಾಪಿಗೂ ಹಾಕಿಯಾರು. ಚೀಟಿ ಹೇಳುವುದು ಜಾಗ ಮಾತ್ರ: ‘ಅಮ್ಮನ ಬೀರು, ಮೇಲಿನ ಅರೆ, ಮನೆ ಕಂದಾಯದ ರಸೀದಿ ಇರುವ ಕವರಿನಲ್ಲಿ ನೀಲಿ ಕಾರ್ಡು.’ ಕಾರ್ಡಿನಲ್ಲಿ ಮೂರು ಪಾಸ್‌ವರ್ಡು ಇವೆ, ಮೂರಕ್ಕೂ ಕೆಲಸ ಬೇರೆ. ಫೋನಿಗೆ ಹಾಕುವುದು ಒಂದು, 192.168.1.1 ತೆರೆದು ರೌಟರಿನ ಒಳಗೆ ಹೋಗಲು ಒಂದು, PPPoEಗೆ ಒಂದು. ಸೊನ್ನೆಗೆ ಅಡ್ಡಗೀಟು ಹಾಕಿದ್ದೇನೆ, ಇಲ್ಲದಿದ್ದರೆ ಅದು O ಆಗಿಬಿಡುತ್ತದೆ. ರೌಟರಿನ ಅಡಿಯ ಸ್ಟಿಕರಿನಲ್ಲಿರುವುದು ಕಂಪನಿಯ ಹಳೆಯ ಪಾಸ್‌ವರ್ಡು, ರಿಸೆಟ್ ಆದ ಮೇಲೆ ಮೊದಲ ಸಲ ಒಳಗೆ ಹೋಗಲು ಮಾತ್ರ ಅದು ಬೇಕು ಎಂದೂ ಬರೆದೆ. ಅದೇ ಕವರಿನಲ್ಲಿ ಒಂದು ಪೆನ್‌ಡ್ರೈವ್ ಇದೆ. ರೌಟರಿನ Backup ಪುಟದಿಂದ ಇಳಿಸಿಕೊಂಡ ಫೈಲು ಅದರಲ್ಲಿದೆ. ಇದೇ ರೌಟರಿಗೆ ಅದನ್ನು ತುಂಬಿಸಿದರೆ ಎಲ್ಲ ಒಮ್ಮೆಗೇ ವಾಪಸ್ ಬರುತ್ತದೆ. ಬೇರೆ ಮಾಡೆಲ್ಲಿನ ರೌಟರ್ ತಂದರೆ ಆ ಫೈಲನ್ನು ನಂಬುವಂತಿಲ್ಲ, ಚೀಟಿ ನೋಡಿ ಕೈಯಾರೆ ತುಂಬಬೇಕು.

ದೀಪಾವಳಿಗೆ ಊರಿಗೆ ಹೋದಾಗ ನಾನೇ ರೌಟರನ್ನು ರಿಸೆಟ್ ಮಾಡಿ, ಪೆನ್‌ಡ್ರೈವ್ ಮುಟ್ಟದೆ ಸರಿಮಾಡಿ ನೋಡಿ ಅತ್ತಿಗೆ ಎಂದು ಸುಮ್ಮನೆ ಕೂತೆ. ಚೀಟಿ ಹಿಡಿದು ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ: “ನೆಟ್ ಹೋದ ತಕ್ಷಣ ಇದನ್ನೆಲ್ಲ ಮಾಡ್ಬೇಕಾ? ತಂತಿಯೇ ಕಡಿದಿದ್ರೆ?” ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುವುದೇ ಹೆಚ್ಚು. ಚೀಟಿಯ ತಲೆಯಲ್ಲೇ ಬರೆದು ಸೇರಿಸಿದೆ: ‘ಮೊದಲು ಬಿಳಿ ಪೆಟ್ಟಿಗೆ ನೋಡಿ. LOS ದೀಪ ಕೆಂಪಾಗಿದ್ದರೆ ಕೇಬಲಿನ ತೊಂದರೆ, ರೌಟರ್ ಮುಟ್ಟದೆ ಫೋನ್ ಮಾಡಿ. ಆ ದೀಪ ಆರಿದ್ದು PON ಹಸಿರಾಗಿ ಅಲುಗದೆ ಉರಿಯುತ್ತಿದ್ದರೆ, ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗಲೂ ಬರದಿದ್ದರೆ ಮಾತ್ರ ಮುಂದೆ ಓದಿ.’

ಆಮೇಲೆ ಅತ್ತಿಗೆ ನಲವತ್ತು ನಿಮಿಷದಲ್ಲಿ ಎಲ್ಲ ತುಂಬಿಸಿದರು. ಅಮ್ಮನ ಫೋನಿನಲ್ಲಿ ಗೇಟು ಕಂಡಿತು. ಚೀಟಿಯ ಕೆಳಗೆ ಅವರೇ ಆ ದಿನದ ತಾರೀಕು ಬರೆದರು.