ಅಸಲು ಬೇಗ ಬಂದರೂ ನಷ್ಟ ಏಕೆ?

ಬಿ.ಕಾಂ, ಸಿಎ ಪರೀಕ್ಷೆಗಳ ಬಂಡವಾಳ ಬಜೆಟಿಂಗ್ ಪಾಠದಲ್ಲಿ ಪದೇ ಪದೇ ಬರುವ ಮಾದರಿಯ ಪ್ರಶ್ನೆಯೊಂದನ್ನು ನೋಡೋಣ. ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಹೊಸ ಯಂತ್ರ ಬೇಕು ಎಂದುಕೊಳ್ಳಿ. ಎರಡು ಯಂತ್ರಗಳಿವೆ, ಎರಡರ ಬೆಲೆಯೂ 10 ಲಕ್ಷ ರೂಪಾಯಿ. ಮೊದಲನೆಯದು ಮೂರು ವರ್ಷಗಳಲ್ಲಿ ಕ್ರಮವಾಗಿ 5 ಲಕ್ಷ, 5 ಲಕ್ಷ, 1 ಲಕ್ಷ ನಗದು ತರುತ್ತದೆ. ಎರಡನೆಯದು ನಾಲ್ಕು ವರ್ಷಗಳಲ್ಲಿ 2, 3, 4, 5 ಲಕ್ಷ ತರುತ್ತದೆ. ಬಂಡವಾಳದ ವೆಚ್ಚ ಶೇ 10. ಯಾವುದನ್ನು ಕೊಳ್ಳಬೇಕು, ಏಕೆ?

ಬಹಳ ಮಂದಿ ಗುರುತು ಹಾಕುವ ಉತ್ತರ ‘ಮೊದಲನೆಯದು, ಹಾಕಿದ ಹಣ ಎರಡೇ ವರ್ಷಕ್ಕೆ ವಾಪಸ್ ಬರುತ್ತದೆ’ ಎನ್ನುವುದು. ಪೇಬ್ಯಾಕ್ ಅವಧಿಯ ಲೆಕ್ಕ ಇಲ್ಲಿ ಸರಿಯಾಗಿಯೇ ಇದೆ. ಎರಡನೆಯ ಯಂತ್ರಕ್ಕೆ ಅದು 3.2 ವರ್ಷ: ಮೂರು ವರ್ಷಕ್ಕೆ 9 ಲಕ್ಷ ಬರುತ್ತದೆ, ಉಳಿದ 1 ಲಕ್ಷ ನಾಲ್ಕನೆಯ ವರ್ಷದ 5 ಲಕ್ಷದಲ್ಲಿ ಐದನೆಯ ಒಂದು ಭಾಗ. ಆದರೂ ಆ ಉತ್ತರಕ್ಕೆ ಅಂಕ ಸಿಗುವುದಿಲ್ಲ.

ಕಾರಣ ತಿಳಿಯಲು ಆ 10 ಲಕ್ಷವನ್ನು ಶೇ 10ರ ಬಡ್ಡಿಗೆ ಸಾಲ ತಂದಿದ್ದೇವೆ ಎಂದುಕೊಳ್ಳಿ. ಮೊದಲ ವರ್ಷದ ಕೊನೆಗೆ ಬಾಕಿ 11 ಲಕ್ಷ. ಯಂತ್ರ ತಂದ 5 ಲಕ್ಷ ಕಟ್ಟಿದರೆ 6 ಲಕ್ಷ ಉಳಿಯುತ್ತದೆ. ಎರಡನೆಯ ವರ್ಷ ಅದು 6.6 ಲಕ್ಷಕ್ಕೆ ಬೆಳೆಯುತ್ತದೆ, 5 ಲಕ್ಷ ಕಟ್ಟಿದರೂ 1.6 ಲಕ್ಷ ಬಾಕಿ. ‘ಹಣ ಪೂರ್ತಿ ವಾಪಸ್ ಬಂತು’ ಎಂದು ಪೇಬ್ಯಾಕ್ ಹೇಳಿದ ದಿನವೇ ತಲೆಯ ಮೇಲೆ ಇಷ್ಟು ಸಾಲವಿದೆ! ಮೂರನೆಯ ವರ್ಷಕ್ಕೆ ಬಾಕಿ 1.76 ಲಕ್ಷವಾಗುತ್ತದೆ, ಯಂತ್ರ ಕೊಡುವುದು 1 ಲಕ್ಷ ಮಾತ್ರ. ಕೊನೆಗೆ 76,000 ರೂಪಾಯಿ ಕೈಯಿಂದ ಹಾಕಬೇಕು. ಆ ಕೊರತೆಯ ಇಂದಿನ ಬೆಲೆ ಸುಮಾರು 57,000 ರೂಪಾಯಿ. ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಎನ್‌ಪಿವಿ, ಋಣಾತ್ಮಕ ಎನ್ನುವುದರ ಅರ್ಥ ಇದೇ. ಪೇಬ್ಯಾಕ್ ಅಸಲನ್ನಷ್ಟೇ ಎಣಿಸುತ್ತದೆ, ಬಡ್ಡಿಯನ್ನು ಎಣಿಸುವುದಿಲ್ಲ.

ಎರಡನೆಯ ಯಂತ್ರಕ್ಕೂ ಇದೇ ಲೆಕ್ಕ ಹಾಕಿದರೆ ಮೂರನೆಯ ವರ್ಷದ ಕೊನೆಗೆ 3.59 ಲಕ್ಷ ಬಾಕಿ ಉಳಿಯುತ್ತದೆ. ನಾಲ್ಕನೆಯ ವರ್ಷ ಬಡ್ಡಿ ಸೇರಿ ಅದು 3.949 ಲಕ್ಷವಾಗುತ್ತದೆ. ಬರುವ 5 ಲಕ್ಷದಲ್ಲಿ ಸಾಲವೆಲ್ಲ ತೀರಿ 1,05,100 ರೂಪಾಯಿ ಕೈಗೆ ಉಳಿಯುತ್ತದೆ. ಇಂದಿನ ಬೆಲೆಯಲ್ಲಿ ಅದು ಸುಮಾರು 71,800 ರೂಪಾಯಿ. ಪರೀಕ್ಷೆಯಲ್ಲಿ ಕೊಡುವ 0.909, 0.826, 0.751, 0.683ರ ಕೋಷ್ಟಕ ಬಳಸಿದರೆ 71,500 ಬರುತ್ತದೆ. ಈ ವ್ಯತ್ಯಾಸ ದಶಾಂಶವನ್ನು ಮೊಟಕುಗೊಳಿಸಿದ್ದರಿಂದ ಬಂದದ್ದು, ಗಾಬರಿಯಾಗಬೇಕಿಲ್ಲ.

ಹಾಗಾಗಿ ‘ಎರಡನೆಯದು, ಅದರ ಎನ್‌ಪಿವಿ ಧನಾತ್ಮಕ’ ಎಂಬುದೇ ಸರಿಯುತ್ತರ. ಆದರೆ ಅದರ ಪಕ್ಕದಲ್ಲೇ ‘ಎರಡನೆಯದು, ಒಟ್ಟು 14 ಲಕ್ಷ ತರುತ್ತದೆ’ ಎಂಬ ಆಯ್ಕೆಯೂ ಇರುತ್ತದೆ. ಆರಿಸಿದ ಯಂತ್ರ ಸರಿ, ಕೊಟ್ಟ ಕಾರಣ ತಪ್ಪು. ಒಟ್ಟು ಮೊತ್ತವೇ ಮುಖ್ಯವಾದರೆ 11 ಲಕ್ಷ ತರುವ ಮೊದಲ ಯಂತ್ರವೂ ಲಾಭದ್ದೇ ಎಂದಾಗಬೇಕು, ಅದು ನಷ್ಟದ್ದೆಂದು ಈಗಷ್ಟೇ ಕಂಡೆವು. ಈ ಬಗೆಯ ಆಯ್ಕೆಯಲ್ಲಿ ಜಾಣ ವಿದ್ಯಾರ್ಥಿಗಳೂ ಅಂಕ ಕಳೆದುಕೊಳ್ಳುವುದು ನನಗೆ ಬೇಸರದ ಸಂಗತಿ. ಉತ್ತರದ ಮೊದಲರ್ಧ ಓದಿ ಅವರು ಮುಂದೆ ಹೋಗಿಬಿಟ್ಟಿರುತ್ತಾರೆ.

ಇನ್ನೊಂದು ತಪ್ಪು ಆಯ್ಕೆ 2.86 ವರ್ಷ. ಒಟ್ಟು 14 ಲಕ್ಷವನ್ನು ನಾಲ್ಕರಿಂದ ಭಾಗಿಸಿ, ಬಂದ ಸರಾಸರಿ 3.5 ಲಕ್ಷದಿಂದ 10 ಲಕ್ಷವನ್ನು ಭಾಗಿಸಿದರೆ ಸಿಗುವ ಸಂಖ್ಯೆ ಅದು. ಪ್ರತಿವರ್ಷ ಒಂದೇ ಮೊತ್ತ ಬರುವಾಗ ಮಾತ್ರ ಆ ಸೂತ್ರ ನಡೆಯುತ್ತದೆ. ಇಲ್ಲಿ ವರ್ಷ ವರ್ಷ ಕೂಡಿಸಿಕೊಂಡೇ ಹೋಗಬೇಕು. ಹಾಗೆಯೇ ಪ್ರಶ್ನೆಯಲ್ಲಿ ನಗದಿನ ಬದಲು ತೆರಿಗೆಯ ನಂತರದ ಲಾಭ ಕೊಟ್ಟಿದ್ದರೆ ಸವಕಳಿಯನ್ನು ಮತ್ತೆ ಕೂಡಿಸಬೇಕು. ಸವಕಳಿ ಪುಸ್ತಕದಲ್ಲಿ ಖರ್ಚು, ಅದಕ್ಕಾಗಿ ಆ ವರ್ಷ ಯಾರಿಗೂ ಹಣ ಕೊಟ್ಟಿರುವುದಿಲ್ಲ.

ಪೇಬ್ಯಾಕ್ ನಿರುಪಯೋಗಿ ಎಂದು ಇದರರ್ಥವಲ್ಲ. ಕೈಯಲ್ಲಿ ಹಣದ ಬಿಗಿಯಿದ್ದಾಗ, ತಂತ್ರಜ್ಞಾನ ಬೇಗ ಹಳತಾಗುವ ಭಯವಿದ್ದಾಗ ಹಾಕಿದ್ದು ಎಷ್ಟು ಬೇಗ ಬರುತ್ತದೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಪ್ರಶ್ನೆಪತ್ರಿಕೆಯಲ್ಲಿ ‘ನಗದು ಲಭ್ಯತೆಯ ದೃಷ್ಟಿಯಿಂದ’ ಎಂದಿದ್ದರೆ ಮೊದಲ ಯಂತ್ರವೇ ಸರಿಯುತ್ತರ. ‘ಮಾಲೀಕರ ಸಂಪತ್ತು ಹೆಚ್ಚಿಸುವ ದೃಷ್ಟಿಯಿಂದ’ ಎಂದಿದ್ದರೆ ಎರಡನೆಯದು. ಲೆಕ್ಕಕ್ಕೆ ಕೈಹಾಕುವ ಮೊದಲು ಆ ಸಾಲಿನ ಕೆಳಗೆ ಒಂದು ಗೆರೆ ಎಳೆಯಿರಿ.