ಬೇಡವೆಂದರೂ ಮತ್ತೆ ಮತ್ತೆ ಬರುವ ‘ಅನುಮತಿಸಿ’

2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯ ಒಳಜಾಲಕ್ಕೆ ಕಳ್ಳನೊಬ್ಬ ನುಗ್ಗಿದ. ಗುತ್ತಿಗೆ ನೌಕರನೊಬ್ಬನ ಪಾಸ್‌ವರ್ಡ್ ಅವನ ಕೈ ಸೇರಿತ್ತು. ಆದರೆ ಅಲ್ಲಿ ಎರಡನೇ ಹಂತವೂ ಇತ್ತು: ಯಾರಾದರೂ ಲಾಗಿನ್ ಆಗಲು ಯತ್ನಿಸಿದರೆ ನೌಕರನ ಮೊಬೈಲ್‌ಗೆ ‘ಇದು ನೀವೇನಾ?’ ಎಂಬ ಕೋರಿಕೆ ಬರುತ್ತದೆ. ಅವನು ಒಪ್ಪಿದರಷ್ಟೇ ಪ್ರವೇಶ.

ಕಳ್ಳ ಆ ಬೀಗ ಒಡೆಯಲು ಹೋಗಲಿಲ್ಲ. ಮತ್ತೆ ಮತ್ತೆ ಲಾಗಿನ್ ಯತ್ನಿಸಿದ; ಪ್ರತಿ ಸಲವೂ ನೌಕರನ ಫೋನ್ ಸದ್ದು ಮಾಡಿತು. ಮೊದಮೊದಲು ಪ್ರವೇಶ ಸಿಗಲಿಲ್ಲ. ಕೊನೆಗೊಮ್ಮೆ ನೌಕರ ಒಪ್ಪಿಬಿಟ್ಟ. ತಾನು ಕಂಪನಿಯ ಐಟಿ ವಿಭಾಗದವನೆಂದು ವಾಟ್ಸ್ಆ್ಯಪ್‌ನಲ್ಲಿ ನಂಬಿಸಿದ್ದಾಗಿ ದಾಳಿಕೋರನೇ ಆಮೇಲೆ ಹೇಳಿಕೊಂಡ. ನೌಕರನನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ನಡುರಾತ್ರಿ ಎಡೆಬಿಡದೆ ಫೋನ್ ಮೊಳಗಿದರೆ ಯಾರ ಬೆರಳಾದರೂ ಸೋತೀತು. ಒಂದೇ ಒತ್ತಿಗೆ ಬಾಗಿಲು ತೆರೆಯುವ ವಿನ್ಯಾಸವೇ ದುರ್ಬಲ.

ಅದಕ್ಕೇ ಮೈಕ್ರೋಸಾಫ್ಟ್ 2023ರ ಮೇ ತಿಂಗಳಿಂದ ತನ್ನ ಅಥೆಂಟಿಕೇಟರ್ ಆ್ಯಪ್‌ನ ಇಂಥ ಕೋರಿಕೆಗಳಿಗೆ ಸಂಖ್ಯೆ ಹೊಂದಿಸುವುದನ್ನು ಕಡ್ಡಾಯ ಮಾಡಿತು. ಲಾಗಿನ್ ಪರದೆಯಲ್ಲಿ ಕಾಣುವ ಎರಡಂಕಿಯ ಸಂಖ್ಯೆಯನ್ನು ಫೋನಿನಲ್ಲಿ ಬರೆಯಬೇಕು. ಆ ಪರದೆ ಕಳ್ಳನ ಮುಂದಿರುವುದರಿಂದ ನಿಮಗೆ ಸಂಖ್ಯೆ ತಿಳಿಯದು. ಆದರೆ ಅವನೇ ಕರೆ ಮಾಡಿ ‘ನಲವತ್ತೇಳು ಒತ್ತಿ ಸರ್’ ಎಂದರೆ ಈ ತಡೆಯೂ ಬೀಳುತ್ತದೆ.

ನೀವು ಲಾಗಿನ್ ಆಗದಿದ್ದಾಗ ಕೋರಿಕೆ ಬಂತೆಂದರೆ, ನಿಮ್ಮ ಪಾಸ್‌ವರ್ಡ್ ಬಹುಶಃ ಆಗಲೇ ಸೋರಿದೆ. ನಿರಾಕರಿಸಿ ಸುಮ್ಮನಾಗಬೇಡಿ. ಪಾಸ್‌ವರ್ಡ್ ಬದಲಿಸಿ, ಕಚೇರಿಯ ಖಾತೆಯಾದರೆ ನಿಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ನೀವೇ ಕರೆ ಮಾಡಿ ತಿಳಿಸಿ.