ಮೇಲೇಳದ ಮುಳ್ಳು

ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯತ್ತ ಸರಿದರೆ ಎಂಥವರಿಗೂ ಎದೆ ಡವಗುಟ್ಟುತ್ತದೆ. ಅದೇ ಮುಳ್ಳು ಕೆಳಗೇ ಬಿದ್ದುಕೊಂಡಿದ್ದರೆ? ‘ಎಂಜಿನ್ ತಣ್ಣಗಿದೆ, ಒಳ್ಳೆಯದೇ ಆಯಿತು’ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿದ ಮೈಸೂರಿನವರೊಬ್ಬರು ಮೊದಲು ಹೀಗೇ ಅಂದುಕೊಂಡಿದ್ದರು. ಜನವರಿಯ ಬೆಳಗು, ಹೊರಗೆ ಮೈನಸ್ 15 ಡಿಗ್ರಿ. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿದರೂ ಹೀಟರ್‌ನಿಂದ ಬರುತ್ತಿದ್ದುದು ಉಗುರುಬೆಚ್ಚಗಿನ ಗಾಳಿ. ಮುಳ್ಳು ಕಾಲು ಭಾಗ ದಾಟಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಗಾಳಿ ತುಸು ಬೆಚ್ಚಗಾಗುವುದು, ಮತ್ತೆ ವೇಗ ಹಿಡಿದರೆ ತಣ್ಣಗಾಗುವುದು. ವಾರದೊಳಗೆ ಡ್ಯಾಶ್‌ಬೋರ್ಡ್‌ನಲ್ಲಿ ಚೆಕ್ ಎಂಜಿನ್ ದೀಪವೂ ಹೊತ್ತಿಕೊಂಡಿತು. ಸ್ಕ್ಯಾನರ್ ಚುಚ್ಚಿ ನೋಡಿದರೆ P0128.

ಈ ಮೂರೂ ಲಕ್ಷಣಗಳಿಗೆ ಕಾರಣ ಒಂದೇ: ಮುಷ್ಟಿಯಲ್ಲಿ ಹಿಡಿಸುವ ಥರ್ಮೋಸ್ಟ್ಯಾಟ್. ಅದರೊಳಗಿನ ಪುಟ್ಟ ಲೋಹದ ಬಟ್ಟಲಿನಲ್ಲಿ ಮೇಣ ತುಂಬಿರುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಪ್ರಿಂಗ್ ಬಾಗಿಲನ್ನು ಮುಚ್ಚಿ ಹಿಡಿದಿರುತ್ತದೆ. ಆಗ ಕೂಲೆಂಟ್ ಎಂಜಿನ್ ಮತ್ತು ಹೀಟರ್‌ನಲ್ಲಷ್ಟೇ ಸುತ್ತುತ್ತದೆ, ರೇಡಿಯೇಟರ್‌ಗೆ ಹೋಗುವುದಿಲ್ಲ. ಸಾಮಾನ್ಯವಾಗಿ 82ರಿಂದ 90 ಡಿಗ್ರಿಯ ಹೊತ್ತಿಗೆ ಮೇಣ ಕರಗಿ ಹಿಗ್ಗುತ್ತದೆ, ಬಾಗಿಲು ತೆರೆಯುತ್ತದೆ. ತುಕ್ಕು, ಕಸ ಸಿಕ್ಕಿಯೋ, ಸ್ಪ್ರಿಂಗ್ ಸೋತೋ ಬಾಗಿಲು ತೆರೆದೇ ಉಳಿದರೆ ಎಂಜಿನ್ ಹುಟ್ಟಿಸಿದ ಬಿಸಿಯೆಲ್ಲ ಮೊದಲ ನಿಮಿಷದಿಂದಲೇ ರೇಡಿಯೇಟರ್ ಪಾಲು. ಹೆದ್ದಾರಿಯ ಗಾಳಿ ಅದನ್ನು ಹೊತ್ತೊಯ್ಯುತ್ತದೆ, ಹೀಟರ್‌ಗೆ ಉಳಿಯುವುದು ಚೂರುಪಾರು.

P0128 ಹೇಳುವುದೂ ಇಷ್ಟನ್ನೇ. ಎಂಜಿನ್ ಕಂಪ್ಯೂಟರ್ ಹೊರಗಿನ ಗಾಳಿ ಎಷ್ಟು ತಣ್ಣಗಿತ್ತು, ಗಾಡಿ ಎಷ್ಟು ಹೊತ್ತು ಓಡಿತು ಎಂಬ ಲೆಕ್ಕ ಹಾಕಿ, ಇಷ್ಟು ಹೊತ್ತಿಗೆ ಕೂಲೆಂಟ್ ಇಷ್ಟು ಬಿಸಿಯಾಗಬೇಕಿತ್ತು ಎಂದು ಅಂದಾಜು ಮಾಡುತ್ತದೆ. ಹಾಗೆ ಆಗದಿದ್ದರೆ ಸಾಮಾನ್ಯವಾಗಿ ಒಂದಲ್ಲ, ಎರಡು ಪಯಣ ನೋಡಿ ದೀಪ ಹೊತ್ತಿಸುತ್ತದೆ. ಆದರೆ ಕೋಡ್ ತೋರಿಸುವುದು ಬಿಸಿಯ ಕೊರತೆಯನ್ನು, ಕೆಟ್ಟ ಭಾಗವನ್ನಲ್ಲ. ಕೂಲೆಂಟ್ ಕಡಿಮೆಯಾದರೂ, ಸೆನ್ಸರ್ ಸುಳ್ಳು ಹೇಳಿದರೂ, ಫ್ಯಾನ್ ನಿಲ್ಲದೆ ತಿರುಗುತ್ತಿದ್ದರೂ ಅದೇ ಕೋಡ್ ಬರಬಹುದು.

ಮೈಸೂರಿನವರು ಹಾಗಾಗಿ ಮೊದಲು ತಣ್ಣನೆಯ ಎಂಜಿನ್‌ನಲ್ಲೇ ಕೂಲೆಂಟ್ ಮಟ್ಟ ನೋಡಿದರು. ಸರಿಯಾಗಿತ್ತು. ಹೀಟರ್ ನಡೆದುಕೊಂಡ ರೀತಿಯೂ ಅದನ್ನೇ ಹೇಳಿತ್ತು. ಕೂಲೆಂಟ್ ಕಡಿಮೆಯಿದ್ದರೆ ಹೆಚ್ಚಾಗಿ ನಿಂತಲ್ಲಿ ತಣ್ಣನೆ ಗಾಳಿ, ಆಕ್ಸಿಲರೇಟರ್ ಒತ್ತಿದಾಗ ಬೆಚ್ಚನೆ ಗಾಳಿ ಬರುತ್ತದೆ. ಇವರದು ಉಲ್ಟಾ. ಮಾರನೆಯ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ, ಫ್ಯಾನ್‌ನಿಂದ ಕೈ ದೂರವಿಟ್ಟುಕೊಂಡು, ಥರ್ಮೋಸ್ಟ್ಯಾಟ್‌ನಿಂದ ರೇಡಿಯೇಟರ್ ಮೇಲ್ಭಾಗಕ್ಕೆ ಹೋಗುವ ಹೋಸ್ ಮುಟ್ಟಿ ನೋಡಿದರು. ಬಾಗಿಲು ಮುಚ್ಚಿದ್ದರೆ ಅದು ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಗೇ ಬಿಸಿಯಾಗಬೇಕು. ಇಲ್ಲಿ ಎಂಜಿನ್ ಜೊತೆಜೊತೆಗೇ ಮೆಲ್ಲಗೆ ಬೆಚ್ಚಗಾಯಿತು. ಸ್ಕ್ಯಾನರ್‌ನ ನೇರ ಅಂಕಿಯೂ ಅದಕ್ಕೇ ಸಾಕ್ಷಿ: ಸಿಗ್ನಲ್‌ನಲ್ಲಿ 78, ಹೆದ್ದಾರಿಯಲ್ಲಿ 62 ಡಿಗ್ರಿ.

ಹಳೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಬಾಗಿಲಿನ ಅಂಚಿನಲ್ಲಿ ಅರ್ಧಚಂದ್ರದಂಥ ಸಂದು ಕಂಡಿತು. ಹೊಸದನ್ನು ಹಾಕುವ ಮುನ್ನ ಅವರು ಅದನ್ನೂ ಪರೀಕ್ಷಿಸಿದರು. ಬಾಗಿಲಿನ ಸಂದಿಗೆ ದಾರ ಸಿಕ್ಕಿಸಿ, ಆ ದಾರದಲ್ಲೇ ಥರ್ಮೋಸ್ಟ್ಯಾಟನ್ನು ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆ ಹಚ್ಚಿದರು. ಬಾಗಿಲು ತೆರೆದ ಕ್ಷಣ ದಾರ ಸಡಿಲಾಗಿ ಅದು ಕೆಳಗೆ ಬೀಳುತ್ತದೆ; ಆಗ ಥರ್ಮಾಮೀಟರ್ ಓದಿದರಾಯಿತು. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಬೇಕು. ಕೂಲೆಂಟ್ ತುಂಬಿದ ಮೇಲೆ ಗಾಳಿಯನ್ನು ಪೂರ್ತಿ ಹೊರಗೆ ಬಿಡಬೇಕು, ಇಲ್ಲದಿದ್ದರೆ ಹೀಟರ್ ಮತ್ತೆ ಕೈಕೊಡುತ್ತದೆ. ಬಿಸಿ ರೇಡಿಯೇಟರ್‌ನ ಮುಚ್ಚಳಕ್ಕಂತೂ ಕೈ ಹಾಕಲೇಬಾರದು.

ಹೀಟರ್ ಹಾಕದ ನಮ್ಮೂರುಗಳಲ್ಲಿ ಈ ದೋಷ ಗುಟ್ಟಾಗಿಯೇ ಉಳಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಉರಿಯದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಇದಕ್ಕಿಂತ ವಿಚಿತ್ರವೆಂದರೆ, ‘ನಮ್ಮ ಬಿಸಿಲಿಗೆ ಇದು ಯಾಕೆ ಸಾರ್’ ಎಂದು ಥರ್ಮೋಸ್ಟ್ಯಾಟನ್ನೇ ಕಿತ್ತೆಸೆಯುವ ಮೆಕ್ಯಾನಿಕ್‌ಗಳೂ ಇದ್ದಾರೆ. ಗಾಡಿ ಬಿಸಿಯಾಗುವುದಕ್ಕೆ ಸೋರುವ ಹೋಸೋ, ಕಟ್ಟಿಕೊಂಡ ರೇಡಿಯೇಟರೋ ಕಾರಣವಾಗಿದ್ದರೂ ಸಿಟ್ಟು ಈ ಮೇಣದ ಬಾಗಿಲ ಮೇಲೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಅರ್ಧ ಗಂಟೆ ಓಡಿಸಿ ಮುಳ್ಳು ನೋಡಲಿ. ನಡುವಿಗೆ ಬಾರದಿದ್ದರೆ, ಒಳಗೆ ಥರ್ಮೋಸ್ಟ್ಯಾಟ್ ಇದೆಯೇ ಎಂದು ಮೊದಲು ಕೇಳಲಿ.